ಹೆಸರು ಕೂಗದೆ ಕತ್ತರಿ ಇಲ್ಲ

ನಮ್ಮ ಚಿಕ್ಕಮ್ಮನ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಬೀಳಬೇಕಾದರೆ ಮೊದಲು ಹೆಸರು ಕೂಗಬೇಕು. ಮೇಜಿನ ಮೇಲೆ ಬಟ್ಟೆ ಹರಡುತ್ತಾಳೆ, ಅದಕ್ಕೆ ಪಿನ್ನು ಚುಚ್ಚಿದ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿಯುತ್ತಾಳೆ, ಬೀದಿಗೆಲ್ಲ ಕೇಳುವಂತೆ ಓದುತ್ತಾಳೆ. "ಹಾಲಿನವರ ದೊಡ್ಡ ಮಗ, ಪ್ಯಾಂಟು! ಹೌದಾ?" ಅಂಗಡಿಯಲ್ಲಿ ಯಾರಿದ್ದರೂ ಸರಿ, ಅಳತೆ ಪುಸ್ತಕ ನೋಡಿ "ಹೌದು" ಅನ್ನಬೇಕು. ಆಮೇಲೇ ಕತ್ತರಿ. ಯಾರೂ ಇಲ್ಲದಿದ್ದರೆ ಪಕ್ಕದ ಬೀಗದ ರಿಪೇರಿಯವರನ್ನು ಕೂಗಿ ಕರೆಯುತ್ತಾಳೆ. ಅವರು ಬಾಯಲ್ಲಿ ಕೀಲಿ ಕಚ್ಚಿಕೊಂಡೇ ಬಂದು "ಹೂಂ" ಅಂದು ಹೋಗುತ್ತಾರೆ.

ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಾನು ಅವಳ ಅಕ್ಕನ ಮಗಳು. ಎರಡು ಮಕ್ಕಳ ತಾಯಿಯಾದ ಮೇಲೆ ಅವಳ ಜೊತೆ ಹೊಲಿಯಲು ಸೇರಿದವಳು. ಕಾಜಾ, ಹೆಮ್ಮಿಂಗು, ಫೋನಿನ ವ್ಯವಹಾರ ಎಲ್ಲ ನನ್ನದು. ನನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಚಿಕ್ಕಮ್ಮ ನನ್ನನ್ನು ಕರೆಯುವುದೇ "ಬಿರುಗಾಳಿ" ಅಂತ. ಹತ್ತು ಬಟ್ಟೆ ಕತ್ತರಿಸುವಷ್ಟರಲ್ಲಿ ಹತ್ತು ಸಲ ಹೆಸರು ಕೂಗುವುದನ್ನು ಕೇಳಿ ಕೇಳಿ, "ನೀನೇನು ಹರಾಜು ಹಾಕ್ತಿದೀಯಾ ಚಿಕ್ಕಮ್ಮ?" ಅಂತ ನಾನೇ ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ಕಣೇ. ಕತ್ತರಿಸಿದ್ದನ್ನ ಏನ್ ಮಾಡ್ತೀಯಾ?" ಎನ್ನುವುದು ಅವಳ ಒಂದೇ ಉತ್ತರ.

ಈ ಪದ್ಧತಿಗೆ ಕಾರಣ ಪೋಸ್ಟಣ್ಣ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ, ಹೊಟ್ಟೆ ಒಂದು ಮೊಳ ಮುಂದೆ ನಡೆಯುವ ಈ ಮನುಷ್ಯ ಇಪ್ಪತ್ತು ವರ್ಷದ ಹಿಂದೆ ಒಳ್ಳೆಯ ಬೂದು ಬಟ್ಟೆ ತಂದು ಪ್ಯಾಂಟಿಗೆ ಕೊಟ್ಟಿದ್ದರು. ಅದೇ ದಿನ ಅದೇ ಬಣ್ಣದ ಇನ್ನೊಂದು ಬಟ್ಟೆ ಒಂದನೇ ಕ್ಲಾಸಿನ ಹುಡುಗನ ಶಾಲೆಯ ಚಡ್ಡಿಗೆ ಬಂದಿತ್ತು. ಚಿಕ್ಕಮ್ಮ ಚೀಟಿ ನೋಡದೆ ಕತ್ತರಿಸಿದಳು. ಪೋಸ್ಟಣ್ಣ ಹಬ್ಬಿದ ಮೀಸೆಯೊಳಗೆ ನಗುತ್ತಾ ಬಂದವರು, ಮೇಜಿನ ಮೇಲೆ ತಮ್ಮ ಬಟ್ಟೆಯಲ್ಲಿ ಹೊಲಿದಿಟ್ಟ ನಾಲ್ಕು ಪುಟ್ಟ ಚಡ್ಡಿಗಳನ್ನು ಕಂಡು ಹೌಹಾರಿದರಂತೆ. ಹೊಸ ಬಟ್ಟೆ ಕೊಡಿಸಲು ಚಿಕ್ಕಮ್ಮ ತನ್ನ ಕಿವಿಯೋಲೆ ಬಿಚ್ಚಬೇಕಾಯಿತು. ಅಂದಿನಿಂದ ಪೋಸ್ಟಣ್ಣ ಬೇರೆ ದರ್ಜಿಯ ಮೆಟ್ಟಿಲು ಹತ್ತಿಲ್ಲ. ಸಮಯವಿದ್ದಾಗೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತು "ಹೌದು" ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ, ಸಂಬಳವಿಲ್ಲದೆ.

ಇಂಥ ಚಿಕ್ಕಮ್ಮನಿಗೆ ಮೂವತ್ತೆರಡು ವರ್ಷ ಪೆಡಲ್ ತುಳಿದು ಮಂಡಿ ಹೋಗಿತ್ತು. ಬೆಳಿಗ್ಗೆ ಅಂಗಡಿಯ ಎರಡು ಮೆಟ್ಟಿಲು ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ನಿಮಿಷ ನಿಲ್ಲುತ್ತಿದ್ದಳು. "ಏನಿಲ್ಲ, ಬೋರ್ಡ್ ನೋಡ್ತಿದ್ದೆ" ಅನ್ನುತ್ತಿದ್ದಳು. ಡಾಕ್ಟರು ಮುಖ ನೋಡದೆ ಹೇಳಿಬಿಟ್ಟರು: "ಪೆಡಲ್ ಬಿಡಿ, ಇಲ್ಲಾ ಕೆಲಸ ಬಿಡಿ." ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. ಕೆಲಸ ಬಿಟ್ಟು ಅವಳು ಏನು ಮಾಡಬೇಕು? ಗಂಡ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ. ಆ ಅಂಗಡಿಯೇ ಅವಳ ಊಟ, ಅವಳ ಮಾತು, ಅವಳ ಜನ. ನನಗಂತೂ ಅಳು ಬಂದುಬಿಟ್ಟಿತ್ತು, ಆದರೆ ಅಳುವ ಬದಲು ಡಾಕ್ಟರನ್ನು ಬೈದೆ.

ಅಂದಿನಿಂದ ಮೋಟಾರಿನ ಮಷಿನ್‌ಗಾಗಿ ಕೂಡಿಡುವುದು ಶುರುವಾಯಿತು. ಎರಡು ವರ್ಷ ಅವರಿವರ ಜಿಪ್ಪು ಬದಲಿಸಿ, ಸೊಂಟ ಬಿಗಿ ಮಾಡಿ, ಸೊಂಟ ಸಡಿಲ ಮಾಡಿ ಕೂಡಿಟ್ಟ ನಲವತ್ತು ಸಾವಿರ. ಹೊಸದಕ್ಕೆ ಅದು ಸಾಲದು. ಹಳೆಯದು ಒಳ್ಳೆಯದು ಸಿಗಬೇಕಿತ್ತು.

ಸಿಕ್ಕಿತು. ಒಂದೂವರೆ ಗಂಟೆ ಬಸ್ಸಿನ ದಾರಿಯ ಇನ್ನೊಂದು ಊರಿನಲ್ಲಿ ಗುಂಡಿಯಕ್ಕ ಅಂಗಡಿ ಮುಚ್ಚುತ್ತಿದ್ದರು. ಎಲ್ಲ ದರ್ಜಿಗಳಿಗೂ ಕಾಜಾ ಹಾಕಿ ಗುಂಡಿ ಹಚ್ಚಿಕೊಡುತ್ತಿದ್ದರಿಂದ ಆ ಹೆಸರು. ನೂಲು ಕೊಳ್ಳುವ ಸಗಟು ಅಂಗಡಿಯಲ್ಲಿ ಚಿಕ್ಕಮ್ಮನಿಗೆ ಅವರ ಪರಿಚಯವಾಗಿ ಇಪ್ಪತ್ತು ವರ್ಷ. ಹಿಂದಿನ ವಾರವೇ ನಾವಿಬ್ಬರೂ ಹೋಗಿ ಮಷಿನ್ ನೋಡಿ ಬಂದಿದ್ದೆವು. ಕೋಟಿನ ಬಟ್ಟೆಯನ್ನು ನಾಲ್ಕು ಮಡಿಕೆ ಇಟ್ಟರೂ ಗೊಣಗದೆ ಹೊಲಿಯಿತು. ಚಿಕ್ಕಮ್ಮ ಕಾಲಿನ ತುದಿ ಇಟ್ಟಿದ್ದಷ್ಟೇ, ಅದು ಓಡಿತು. ಅವಳು ನನ್ನ ಕಡೆ ತಿರುಗಿ ನೋಡಿದ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಗುಂಡಿಯಕ್ಕನ ಫೋನು ಬಂತು. ಚಿಕ್ಕಮ್ಮ ಪೋಸ್ಟಣ್ಣನ ಕೋಟಿನ ಕಪ್ಪು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದವಳು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಕಾರಿನ ಸೀಟ್ ಕವರ್ ಹೊಲಿಯುವವರೊಬ್ಬರು ಅದೇ ಮಷಿನ್ ಕೇಳುತ್ತಿದ್ದಾರಂತೆ.

"ನಿಮ್ಗೇ ಕೊಡ್ಬೇಕು ಅಂತ ನಂಗಾಸೆ," ಅಂದರು ಗುಂಡಿಯಕ್ಕ. "ಆದ್ರೆ ಅವ್ರು ಮಧ್ಯಾಹ್ನ ಗಾಡಿ ತಗೊಂಡೇ ಬರ್ತಾರೆ. ಹನ್ನೆರಡರೊಳಗೆ ನಿಮ್ ದುಡ್ಡು ಬಂದ್ರೆ ನಿಮ್ದು. ಇಲ್ಲಾಂದ್ರೆ ನಾನು ಅವ್ರಿಗೆ ಮಾತು ಕೊಟ್ಟಿದೀನಿ. ಮತ್ತೆ ಈ ಫೋನಿಗೆ ಕಳಿಸ್ಬೇಡಿ, ಇದು ಬ್ಯಾಂಕಿಗೆ ಸೇರಿಲ್ಲ. ಇನ್ನೊಂದು ನಂಬರ್ ಹೇಳ್ತೀನಿ, ಬರ್ಕೊಳ್ಳಿ."

ಚಿಕ್ಕಮ್ಮನ ಕೈಯಲ್ಲಿ ಇದ್ದದ್ದು ಪೆನ್ನಲ್ಲ, ದರ್ಜಿಯ ಬಿಳಿ ಚಾಕ್‌ಪೀಸು. ಮುಂದೆ ಇದ್ದದ್ದು ಕಪ್ಪು ಬಟ್ಟೆ. ಬರೆದಳು. ಅವಳು ಜೀವಮಾನವಿಡೀ ಹಾಲಿನ ಲೆಕ್ಕವನ್ನೂ ಬಟ್ಟೆಯ ಮೇಲೇ ಬರೆದವಳು. ಅಷ್ಟರಲ್ಲಿ ಯಾರೋ ಬಂದರು. ಬಟ್ಟೆಯನ್ನು ಮಡಚಿ, ಇಸ್ತ್ರಿಯಾದ ಪ್ಯಾಂಟುಗಳ ರಾಶಿಯ ಕೆಳಗೆ ತಳ್ಳಿದಳು. ನಾನು ನಗದು ಹಣ ತೆಗೆದುಕೊಂಡು ಅವಳ ಖಾತೆಗೆ ಕಟ್ಟಲು ಬ್ಯಾಂಕಿಗೆ ಓಡಿದೆ.

ಬ್ಯಾಂಕಿನಲ್ಲಿ ಸಾಲು ಎಷ್ಟುದ್ದ ಅಂತೀರಿ! ವಾಪಸ್ ಬರುವಷ್ಟರಲ್ಲಿ ಹನ್ನೊಂದೂವರೆ. ಪೋಸ್ಟಣ್ಣ ಕೋಟಿನ ವಿಚಾರ ಕೇಳಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ನಾನು ರಾಶಿಯ ಕೆಳಗಿಂದ ಬಟ್ಟೆ ಎಳೆದು ಬಿಡಿಸಿದೆ. ನಂಬರಿನ ಬಲಗಡೆ ಇನ್ನೊಂದು ನಂಬರು ತಿರುಗುಮುರುಗಾಗಿ ಮೂಡಿತ್ತು. ಮಡಚಿದಾಗ ಚಾಕ್‌ಪೀಸಿನ ಪುಡಿ ಆ ಕಡೆಗೆ ಅಂಟಿದ್ದು, ನಮ್ಮ ಅಂಗಡಿಯಲ್ಲಿ ಅದೇನು ಹೊಸದಲ್ಲ. ಅಂಗೈಯಿಂದ ಅದನ್ನು ಒರೆಸಿ ಹಾಕಿದೆ.

"ನನ್ನ ಕೋಟಿನ ಮೇಲೆ ಯಾರಮ್ಮಾ ನಂಬರ್ ಬರ್ದಿದ್ದು?" ಅಂದರು ಪೋಸ್ಟಣ್ಣ.

"ನಿಮ್ಗೆ ಯಾರಾದ್ರೂ ಫೋನ್ ಮಾಡ್ಲಿ ಅಂತ ಅಣ್ಣ," ಅಂದೆ.

ಚಿಕ್ಕಮ್ಮನ ಫೋನು ತೆಗೆದುಕೊಂಡು ಮೊದಲು ಆ ನಂಬರನ್ನು "ಗುಂಡಿಯಕ್ಕ ಬ್ಯಾಂಕ್" ಅಂತ ಸೇವ್ ಮಾಡಿದೆ. ನಾನು ಬಲು ಅಚ್ಚುಕಟ್ಟು! ಆಮೇಲೆ ಹಣ ಕಳಿಸುವ ಆ್ಯಪ್ ತೆರೆದು ಅದನ್ನೇ ಆರಿಸಿದೆ. ಪರದೆಯ ಮೇಲೆ ದೊಡ್ಡಕ್ಷರದಲ್ಲಿ "ಗುಂಡಿಯಕ್ಕ ಬ್ಯಾಂಕ್" ಅಂತ ಬಂತು. ನಲವತ್ತು ಸಾವಿರ ಹಾಕಿದೆ. "ಚಿಕ್ಕಮ್ಮ, ಪಿನ್ ಒತ್ತು," ಅಂತ ಫೋನನ್ನು ಅವಳ ಮುಂದೆ ಹಿಡಿದೆ. ಗೋಡೆಯ ಗಡಿಯಾರ ಹನ್ನೊಂದು ಮೂವತ್ತೆಂಟು ತೋರಿಸುತ್ತಿತ್ತು.

ಅವಳು ಕನ್ನಡಕ ಏರಿಸಿದಳು. "ಹೆಸರು ಓದು."

"ಅಯ್ಯೋ, ಇದು ಬಟ್ಟೆ ಅಲ್ಲ ಚಿಕ್ಕಮ್ಮ! ಗುಂಡಿಯಕ್ಕ ಅಂತ ಇದೆ ನೋಡು."

"ಅದು ಇರುತ್ತೆ. ನೀನೇ ಬರೆದಿದ್ದಲ್ವಾ ಈಗ? ನೀನು ಬರೆದಿದ್ದನ್ನ ಅದು ನಿಂಗೇ ವಾಪಸ್ ತೋರಿಸ್ತಿದೆ. ಅದರ ಕೆಳಗೆ ಸಣ್ಣದಾಗಿ ಏನೋ ಇದೆಯಲ್ಲ, ಅದೇನು?"

ನೋಡಿದೆ. ಬ್ಯಾಂಕಿನಲ್ಲಿ ಆ ಖಾತೆ ಯಾರ ಹೆಸರಿನಲ್ಲಿದೆಯೋ ಆ ಹೆಸರು ಅಲ್ಲಿರುತ್ತದೆ. ಎಷ್ಟೋ ಸಾರಿ ಕಣ್ಣಿಗೆ ಬಿದ್ದಿತ್ತು, ಒಮ್ಮೆಯೂ ಓದಿರಲಿಲ್ಲ. ಅಲ್ಲಿ ಇದ್ದದ್ದು ಒಬ್ಬ ಗಂಡಸಿನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ, ಪಾಪ, ಆತ ನಮಗೇನೂ ಮಾಡಿಲ್ಲ.

ನಾನು ಜೋರಾಗಿ ಓದಿದೆ. ಅಭ್ಯಾಸಬಲದಿಂದ ಪೋಸ್ಟಣ್ಣ "ಹೌದು" ಅಂದುಬಿಟ್ಟರು. ಆಮೇಲೆ "ಯಾರದು?" ಅಂದರು.

"ಅವ್ರ ಮಗ ಇರ್ಬೇಕು," ಅಂದೆ ನಾನು. "ಇಲ್ಲಾ ಅಳಿಯ. ನಂಬರ್ ಮನೆಯವರ ಹೆಸರಲ್ಲಿ ಇಟ್ಕೊಂಡಿರ್ತಾರೆ ಎಷ್ಟೋ ಜನ. ಒತ್ತು ಚಿಕ್ಕಮ್ಮ, ಹೊತ್ತಾಗ್ತಿದೆ."

"ಇರಬಹುದು. ಅವ್ರೇ ಹೇಳ್ಲಿ."

"ಅಲ್ಲಾ, ಗುಂಡಿಯಕ್ಕನ ನಿಜವಾದ ಹೆಸರು ನಿಂಗೆ ಗೊತ್ತಾ?"

ಚಿಕ್ಕಮ್ಮ ಬೆಚ್ಚಿದವಳಂತೆ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದ ಸ್ನೇಹ, ಹೆಸರೇ ಗೊತ್ತಿಲ್ಲ. "ಇಲ್ವಲ್ಲೇ," ಅಂದಳು. ಪರದೆಯ ಮೇಲಿನ ಹೆಸರು ಸರಿಯೋ ತಪ್ಪೋ ತಿಳಿಯಬೇಕಾದರೆ, ಯಾವ ಹೆಸರು ಬರಬೇಕು ಅಂತ ಮೊದಲು ಗೊತ್ತಿರಬೇಕಲ್ಲ! ಬೆಳಿಗ್ಗೆ ಬಂದಿದ್ದ ಫೋನು ನಂಬರಿಗೆ ನಾನು ಕರೆ ಮಾಡಿದೆ. ಬ್ಯುಸಿ.

ಮತ್ತೆ ಮಾಡಿದೆ. ಬ್ಯುಸಿ. ಮತ್ತೊಮ್ಮೆ. ಬ್ಯುಸಿ. ಹನ್ನೊಂದು ನಲವತ್ತೈದು.

"ಆ ಸೀಟ್ ಕವರಿನವ್ನ ಜೊತೆ ಮಾತಾಡ್ತಿರ್ತಾರೆ," ಅಂದೆ. "ಚಿಕ್ಕಮ್ಮ, ಕೈ ಮುಗೀತೀನಿ, ಒತ್ತಿಬಿಡು. ಮಷಿನ್ ಹೋಗುತ್ತೆ. ಇಂಥದ್ದು ಇನ್ನೊಂದು ಈ ರೇಟಿಗೆ ಸಿಗಲ್ಲ."

ಪೋಸ್ಟಣ್ಣ ಸ್ಟೂಲಿನಿಂದ ಎದ್ದರು. ಅವರು ಏಳುವುದು ಅಪರೂಪ. "ಮಷಿನ್ ಹೋದ್ರೆ ದುಡ್ಡಾದ್ರೂ ಇರುತ್ತೆ ಕಣಮ್ಮಾ. ಬೇರೆಯವ್ನ ಖಾತೆಗೆ ಬಿತ್ತೋ, ಎರಡೂ ಇಲ್ಲ. ನಾವೇ ಒತ್ತಿ ಕಳಿಸಿದ್ದನ್ನ ಬ್ಯಾಂಕಿನವರು ತಾವಾಗೇ ಎಳ್ಕೊಂಡು ಬರಲ್ಲ. ದೂರು ಕೊಡ್ಬೇಕು, ಅವ್ರು ವಿಚಾರಿಸ್ಬೇಕು, ಆ ಮನುಷ್ಯ ವಾಪಸ್ ಕೊಡೋಕೆ ಒಪ್ಪಬೇಕು. ನಮ್ ಆಫೀಸಲ್ಲಿ ಒಬ್ರು ಹಿಂಗೇ ಕಳಿಸಿ ಇವತ್ತಿಗೂ ಅಲೀತಿದಾರೆ." ಆಮೇಲೆ ದನಿ ತಗ್ಗಿಸಿ, "ನನ್ ಬಟ್ಟೆ ಚಡ್ಡಿ ಆಗಿದ್ದು ನೆನಪಿಲ್ವಾ?" ಅಂದರು.

ಯಾರಿಗೆ ಮರೆಯುತ್ತೆ? ಚಿಕ್ಕಮ್ಮ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಅವಳ ಎಡಗೈ ತನ್ನಷ್ಟಕ್ಕೆ ಮಂಡಿಯನ್ನು ಸವರುತ್ತಿತ್ತು. "ಮಾಡು, ಮಾಡ್ತಾ ಇರು," ಅಂತಷ್ಟೇ ಅಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಫೋನಿನಿಂದಲೂ ಮಾಡಿದೆ, ಬೀಗದವರ ಫೋನಿನಿಂದಲೂ ಮಾಡಿದೆ.

ಹನ್ನೊಂದು ಐವತ್ತೆರಡಕ್ಕೆ, ನನ್ನ ಫೋನಿನಿಂದ ಮಾಡಿದಾಗ, ಆ ಕಡೆ ರಿಂಗಾಯಿತು.

ನಾನು ಸ್ಪೀಕರ್ ಹಾಕಿದೆ, ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಪರದೆಯ ಮೇಲೆ ಏನು ಹೆಸರಿದೆ ಅಂತ ಅವಳು ಹೇಳಲೇ ಇಲ್ಲ, ಜಾಣೆ. "ಅಕ್ಕಾ, ಬ್ಯಾಂಕಲ್ಲಿ ನಿಮ್ ಹೆಸರು ಏನಂತ ಇದೆ?" ಅಂತ ಕೇಳಿದಳು.

"ಅಯ್ಯೋ, ಯಾಕಮ್ಮಾ? ಈ ವಯಸ್ಸಲ್ಲಿ ನಂಗೇನು ಗಂಡು ನೋಡ್ತಿದೀಯಾ?"

"ಹೇಳಿ ಅಕ್ಕಾ, ಬೇಗ!"

ಗುಂಡಿಯಕ್ಕ ಹೇಳಿದರು. ಒಳ್ಳೆ ಉದ್ದನೆಯ ಹೆಂಗಸಿನ ಹೆಸರು, ಮುಂದೆ ಎರಡು ಇನಿಷಿಯಲ್ಲು. ನಮ್ಮ ಪರದೆಯ ಮೇಲಿದ್ದ ಗಂಡಸಿಗೂ ಅದಕ್ಕೂ ಒಂದಕ್ಷರದ ನಂಟೂ ಇರಲಿಲ್ಲ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಕಾಲು ಗಂಟೆಯ ಹಿಂದೆಯೇ ಆ ಹಣ ಹೋಗಿರುತ್ತಿತ್ತು. ಎರಡು ವರ್ಷದ ಜಿಪ್ಪು, ಎರಡು ವರ್ಷದ ಸೊಂಟ!

"ನಂಬರ್ ಇನ್ನೊಂದ್ಸಲ ಹೇಳಿ," ಅಂದಳು ಚಿಕ್ಕಮ್ಮ. ಗುಂಡಿಯಕ್ಕ ಒಂದೊಂದೇ ಅಂಕಿ ಹೇಳಿದರು. ನಾನು ಬಟ್ಟೆಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಒಂಬತ್ತು ಅಂಕಿ ಸರಿಯಾಗಿತ್ತು. ಕೊನೆಯದು 3 ಅಂದರು. ಬಟ್ಟೆಯ ಮೇಲೆ 8 ಇತ್ತು.

"ನಾನು 3 ಅಂತಾನೇ ಬರ್ದಿದ್ದು!" ಅಂದಳು ಚಿಕ್ಕಮ್ಮ.

ಪೋಸ್ಟಣ್ಣ ಬಗ್ಗಿ, ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರದಿಂದ ನೋಡಿದರು. ಆಮೇಲೆ ಬಟ್ಟೆಯನ್ನು ಮೊದಲಿನ ಗೆರೆಯಲ್ಲೇ ಮಡಚಿ ತೋರಿಸಿದರು. ಮಡಿಕೆ ಸರಿಯಾಗಿ ಕೊನೆಯ ಅಂಕಿಯ ನಡುವೆ ಹಾದುಹೋಗಿತ್ತು. ಇಸ್ತ್ರಿ ಬಟ್ಟೆಯ ಭಾರಕ್ಕೆ, ಬಲಗಡೆಯ ಎರಡು ಡೊಂಕು ಎಡಗಡೆಗೂ ಅಂಟಿ, ಮೂರು ಎಂಟಾಗಿತ್ತು. ಮಿಕ್ಕ ಅಂಕಿಗಳ ಅಚ್ಚು ಪಕ್ಕದ ಖಾಲಿ ಜಾಗದಲ್ಲಿ ತಿರುಗುಮುರುಗಾಗಿ ಬಿದ್ದಿತ್ತು. ಅದನ್ನು ಒರೆಸಿ ಹಾಕಿದ ಬುದ್ಧಿವಂತೆ ಯಾರು? ನಾನೇ.

"ನನ್ ಬಟ್ಟೆ ಬಂದ್ರೆ ಈ ಅಂಗಡೀಲಿ ಏನಾದ್ರೂ ಆಗೇ ಆಗುತ್ತೆ," ಅಂದರು ಪೋಸ್ಟಣ್ಣ, ಬಹಳ ಹೆಮ್ಮೆಯಿಂದ.

ನಾನು ಸೇವ್ ಮಾಡಿದ್ದನ್ನು ಅಳಿಸಿದೆ. ಈ ಸಲ ಗುಂಡಿಯಕ್ಕ ಫೋನಿನಲ್ಲಿ ಹೇಳುತ್ತಿದ್ದಂತೆ ನಾನು ಅಂಕಿಗಳನ್ನು ನೇರವಾಗಿ ಒತ್ತಿದೆ. ಪರದೆ ಸುತ್ತಿ ಸುತ್ತಿ ಒಂದು ಹೆಸರು ತಂದಿತು. ಯಾರೂ ಕೇಳುವ ಮುಂಚೆ ನಾನೇ ಓದಿದೆ, ಬೀದಿಗೆಲ್ಲ ಕೇಳುವಂತೆ, ಇನಿಷಿಯಲ್ ಸಮೇತ. ಪೋಸ್ಟಣ್ಣ ಬಾಯಿ ತೆರೆದರು.

"ನೀವಲ್ಲ!" ಅಂದಳು ಚಿಕ್ಕಮ್ಮ.

"ಹೌದು, ನಾನೇ," ಅಂತು ಫೋನಿನೊಳಗಿನ ಗುಂಡಿಯಕ್ಕನ ದನಿ.

ಚಿಕ್ಕಮ್ಮ ಪಿನ್ ಒತ್ತಿದಳು. ಆ ಕಡೆ ಟಿಣ್ ಅಂದದ್ದು ನಮಗೂ ಕೇಳಿಸಿತು. ಹನ್ನೊಂದು ಐವತ್ತೇಳು. ಸೀಟ್ ಕವರಿನವರು ಅರ್ಧ ದಾರಿ ಬಂದಿದ್ದರಂತೆ. ಇಷ್ಟು ಹೊತ್ತು ಮಾತಾಡಿದ್ದು ಅವರ ಜೊತೆಗೇ. ಬಂದಿದ್ದಕ್ಕೆ ಅವರಿಗೆ ಎರಡು ಡಬ್ಬ ಗುಂಡಿ ಕೊಟ್ಟು ಕಳಿಸುತ್ತೇನೆ ಅಂದರು ಗುಂಡಿಯಕ್ಕ. ನಾನು ಸ್ಟೂಲಿನ ಮೇಲೆ ಕುಸಿದು ಕೂತು ಗೋಳೋ ಅಂತ ಅತ್ತೆ. ಚಿಕ್ಕಮ್ಮ ನನ್ನ ತಲೆ ಸವರಿ, "ಸಾಕು ಬಿಡೇ ಬಿರುಗಾಳಿ, ಕೋಟಿನ ಬಟ್ಟೆ ನೆನೆಯುತ್ತೆ," ಅಂದಳು. ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

ಮೂರನೆಯ ದಿನ ಮಷಿನ್ ಬಂತು. ಬೀಗದವರು, ಪೋಸ್ಟಣ್ಣ, ಗಾಡಿಯವರು ಸೇರಿ ಇಳಿಸಿದರು. ಚಿಕ್ಕಮ್ಮ ಮೊದಲು ಹೊಲಿದದ್ದು ಪೋಸ್ಟಣ್ಣನ ಕಪ್ಪು ಕೋಟು. ಈಗ ಅವಳು ಬೆಳಿಗ್ಗೆ ಮೆಟ್ಟಿಲ ಬಳಿ ನಿಂತು ಬೋರ್ಡು ನೋಡುವುದು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ, ಮೂವತ್ತೆರಡು ವರ್ಷದ ಸವೆತ ಒಂದು ಮಷಿನ್ನಿಗೆ ಹೋಗುತ್ತದೆಯೇ? ಆದರೆ ಸಂಜೆಯ ತನಕ ಹೊಲಿದರೂ ಎದ್ದು ನಡೆಯುತ್ತಾಳೆ. ಬಟ್ಟೆಯ ಮೇಲೆ ನಂಬರ್ ಬರೆಯುವುದನ್ನು ನಿಲ್ಲಿಸಲು ಗೋಡೆಗೆ ಒಂದು ಸ್ಲೇಟು ತೂಗುಹಾಕಿದ್ದೇನೆ. ಅದರ ಮೇಲೂ ಅವಳು ಬಟ್ಟೆಯ ಅಳತೆಯನ್ನೇ ಬರೆಯುತ್ತಾಳೆ, ಏನು ಹೇಳೋಣ!

ಇದೆಲ್ಲ ಆಗಿ ಎರಡು ವಾರದ ಮೇಲೆ ಗುಂಡಿಯಕ್ಕನ ಫೋನು ಬಂತು. ಚಿಕ್ಕಮ್ಮ ಹೊಲಿಯುತ್ತಿದ್ದಳು, ಸ್ಪೀಕರ್ ಹಾಕಿದೆ. ಮಷಿನ್ ಜೊತೆ ಕೊಡಬೇಕಿದ್ದ ಒಂದು ಬಿಡಿಭಾಗ ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ, ಅದರ ಬೆಲೆ ವಾಪಸ್ ಕಳಿಸುತ್ತಾರಂತೆ. ಬೇಡ ಅಂದರೂ ಕೇಳಲಿಲ್ಲ.

"ನಂಬರ್ ಹಾಕಿದೀನಿ," ಅಂದರು. "ಇಲ್ಲೊಂದು ಹೆಸರು ತೋರಿಸ್ತಿದೆ. ನಂಗೂ ಈಗ ನಿಮ್ ಚಾಳಿ ಅಂಟ್ಕೊಂಡಿದೆ ನೋಡಿ. ಓದ್ಲಾ?"

"ಓದಿ," ಅಂದಳು ಚಿಕ್ಕಮ್ಮ, ಸೂಜಿಯಿಂದ ಕಣ್ಣೆತ್ತದೆ.

ಗುಂಡಿಯಕ್ಕ ಓದಿದರು. ಅಪ್ಪನ ಹೆಸರು, ಊರಿನ ಹೆಸರು, ಕೊನೆಗೆ ಅವಳ ಹೆಸರು, ಪೂರ್ತಿಯಾಗಿ. ಬೀದಿಗೆ ಅವಳು ಟೈಲರಮ್ಮ, ನನಗೆ ಚಿಕ್ಕಮ್ಮ, ಚಿಕ್ಕಪ್ಪ ಬದುಕಿದ್ದಾಗ ಅವರಿಗೆ "ಏ, ಇಲ್ಲಿ ಬಾ." ಸಾವಿರಾರು ಜನರ ಹೆಸರನ್ನು ದಿನವಿಡೀ ಕೂಗಿದವಳ ಹೆಸರನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಷಿನ್ ನಿಂತಿತು. ಚಿಕ್ಕಮ್ಮ ಕಾಲು ತೆಗೆದಿದ್ದಳು. ಸ್ಟೂಲಿನ ಮೇಲಿದ್ದ ಪೋಸ್ಟಣ್ಣ ಈ ಸಲ "ಹೌದು" ಅನ್ನಲಿಲ್ಲ. ಅವಳನ್ನೇ ನೋಡುತ್ತಾ ಕೂತರು.

"ಏನಮ್ಮಾ, ನೀವೇ ತಾನೇ?" ಅಂದರು ಗುಂಡಿಯಕ್ಕ. "ಒತ್ಲಾ, ಬೇಡ್ವಾ?"

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಇನ್ನೊಂದ್ಸಲ ಓದಿ ಅಕ್ಕಾ," ಅಂದಳು.

ಗುಂಡಿಯಕ್ಕ ಇನ್ನೊಮ್ಮೆ, ನಿಧಾನವಾಗಿ ಓದಿದರು.

"ಹೌದು," ಅಂದಳು ನಮ್ಮ ಚಿಕ್ಕಮ್ಮ. "ಅದು ನಾನೇ. ಒತ್ತಿ."